ಆರು ಬಾಟಲಿ ಫಿಲ್ಟರ್ ನೀರು, ಒಂದು ಹಸಿರು ಕ್ಯಾನು

ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ಹತ್ತೂವರೆಗೆ ನಂಗಲಿ ಹತ್ತಿರದಿಂದ ನಮ್ಮ ಡ್ರೈವರ್ ಫೋನ್ ಮಾಡಿದ. "ಅಣ್ಣಾ, ಕೂಲೆಂಟ್ ಲೈಟ್ ಹತ್ತಿಕೊಂಡೈತೆ. ಹೀಟ್ ಮುಳ್ಳು ಮೇಲಕ್ಕೆ ಹೋಗ್ತಿತ್ತು, ಸೈಡಿಗೆ ಹಾಕ್ಬಿಟ್ಟೆ." ಗಾಡಿ ತುಂಬ ಟೊಮೆಟೊ, ಕೋಲಾರದ ಮಂಡಿಯಿಂದ ಚೆನ್ನೈಗೆ ಹೊರಟಿದ್ದು. ಬೆಳಗ್ಗೆ ಮಾರ್ಕೆಟ್ ತಪ್ಪಿದರೆ ಹಣ್ಣಿನ ಗತಿ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಟಾರ್ಚ್ ಬಿಟ್ಟು ನೋಡು ಅಂದೆ. ರೇಡಿಯೇಟರಿನ ಕೆಳಗಿನ ಹೋಸ್ ಕ್ಲಿಪ್ ಸಡಿಲ ಆಗಿ ಕೆಂಪು ಲಾಂಗ್ ಲೈಫ್ ಕೂಲೆಂಟ್ ತೊಟ್ಟಿಕ್ಕುತ್ತಾ ಇತ್ತು. ಕ್ಲಿಪ್ ಬಿಗಿ ಮಾಡೋಕೆ ಸ್ಕ್ರೂಡ್ರೈವರ್ ಸಾಕು. ಪ್ರಶ್ನೆ ಇದ್ದದ್ದು ಸೋರಿಹೋದ ಜಾಗಕ್ಕೆ ಏನು ತುಂಬಿಸೋದು ಅಂತ. ಪಕ್ಕದ ಟೀ ಅಂಗಡಿಯವನು ಡ್ರಮ್ಮಿನಲ್ಲಿದ್ದ ಬೋರ್ ನೀರು ತಗೊಂಡೋಗಿ ಅಂದ. ಅಷ್ಟು ಹೊತ್ತಲ್ಲೂ ಬಾಗಿಲು ತೆಗೆದಿದ್ದ ಒಂದು ಸ್ಪೇರ್ಸ್ ಅಂಗಡಿಯವನು ಹಸಿರು ಕೂಲೆಂಟ್ ಕ್ಯಾನ್ ತೋರಿಸಿ, "ನೀರು ಹಾಕಿ ಇಂಜಿನ್ ಯಾಕೆ ಹಾಳು ಮಾಡ್ಕೋತೀಯ, ಇದನ್ನ ಹಾಕು, ಎಲ್ಲಾ ಒಂದೇ" ಅಂದನಂತೆ. ನಮ್ಮ ಡ್ರೈವರಿಗೂ ಅದೇ ಸರಿ ಅನ್ನಿಸಿತ್ತು. ಎಷ್ಟೇ ಆಗಲಿ ಕೂಲೆಂಟ್ ತಾನೆ, ನೀರಿಗಿಂತ ವಾಸಿ ಅಲ್ವಾ?

ಅಲ್ಲ. ಇದೊಂದು ಮಾತಿಗೋಸ್ಕರವೇ ಈ ಪೋಸ್ಟ್ ಬರೀತಿದೀನಿ. ಲಾಂಗ್ ಲೈಫ್ ಕೂಲೆಂಟ್ ತುಂಬಿದ ಗಾಡಿ ದಾರೀಲಿ ಕೈಕೊಟ್ಟಾಗ, ಅದೇ ಜಾತಿಯ ಕೂಲೆಂಟ್ ಸಿಗದೇ ಇದ್ದರೆ, ಯಾವುದೋ ಹಸಿರು ಕೂಲೆಂಟಿಗಿಂತ ಒಳ್ಳೆ ನೀರೇ ಮೇಲು.

ಯಾಕೆ ಅಂತೀರಾ? ಹಳೆ ಹಸಿರು ಕೂಲೆಂಟು ಸಿಲಿಕೇಟ್, ಫಾಸ್ಫೇಟ್ ಥರದ ಉಪ್ಪುಗಳಿಂದ ಇಂಜಿನ್ ಒಳಗಿನ ಲೋಹಕ್ಕೆಲ್ಲ ಒಂದು ತೆಳು ಪದರ ಹೊದಿಸಿ ಕಾಪಾಡುತ್ತೆ. ಹಾಗೆ ಹೊದಿಸುತ್ತಾ ಹೊದಿಸುತ್ತಾ ತಾನೇ ಖಾಲಿ ಆಗುತ್ತೆ, ಅದಕ್ಕೇ ಸುಮಾರು ಎರಡು ವರ್ಷಕ್ಕೆ ಬದಲಾಯಿಸಬೇಕು. ಲಾಂಗ್ ಲೈಫ್ ಕೂಲೆಂಟಿನಲ್ಲಿರೋದು ಆರ್ಗ್ಯಾನಿಕ್ ಆಸಿಡ್‌ಗಳು. ಅವು ತುಕ್ಕು ಶುರುವಾಗೋ ಜಾಗಕ್ಕೆ ಮಾತ್ರ ಹೋಗಿ ಕೂರುತ್ತವೆ, ನಿಧಾನವಾಗಿ ಖರ್ಚಾಗುತ್ತವೆ. ಅದರಿಂದಲೇ ಅದು ಲಕ್ಷಗಟ್ಟಲೆ ಕಿಲೋಮೀಟರ್ ಬಾಳೋದು. ಎರಡನ್ನೂ ಬೆರೆಸಿದರೆ ಇದರ ಬಲವೂ ಅರೆಬರೆ, ಅದರ ಬಲವೂ ಅರೆಬರೆ. ಬೇರೆ ಜಾತಿ ಕೂಲೆಂಟ್ ನೂರಕ್ಕೆ ಹತ್ತು ಪಾಲು ದಾಟಬಾರದು ಅಂತ ದೊಡ್ಡ ಇಂಜಿನ್ ಮಾಡೋರೇ ಪುಸ್ತಕದಲ್ಲಿ ಬರೆದಿರ್ತಾರೆ. ದಾಟಿದರೆ ಅದನ್ನ ಲಾಂಗ್ ಲೈಫ್ ಅಂತ ಲೆಕ್ಕಕ್ಕೇ ಹಿಡಿಯೋ ಹಾಗಿಲ್ಲ. ನಮ್ಮ ಗಾಡಿಗೆ ಹಿಡಿಯೋದು ಸುಮಾರು 40 ಲೀಟರ್. ಹತ್ತು ಪಾಲು ಅಂದರೆ 4 ಲೀಟರ್. ಆ ರಾತ್ರಿ ಬೇಕಾಗಿದ್ದದ್ದು 6.

ನೀರು ಹಾಗಲ್ಲ. ಅದು ತೆಳುವಾಗಿಸುತ್ತೆ ಅಷ್ಟೇ, ಕೆಡಿಸೋದಿಲ್ಲ. ತೆಳುವಾದದ್ದನ್ನ ಆಮೇಲೆ ಸರಿ ಮಾಡಬಹುದು. ಬೆರಕೆ ಆದದ್ದನ್ನ ಪೂರಾ ಇಳಿಸಿ, ತೊಳೆದು, 40 ಲೀಟರ್ ಹೊಸದಾಗಿ ತುಂಬಬೇಕು.

ಬಣ್ಣ ನೋಡಿ ಮೋಸ ಹೋಗಬೇಡಿ. ಕೆಂಪಿದ್ದದ್ದೆಲ್ಲ ಲಾಂಗ್ ಲೈಫ್ ಅಲ್ಲ, ಬಣ್ಣಕ್ಕೆ ಕಾನೂನೇನೂ ಇಲ್ಲ. ಡಬ್ಬದ ಮೇಲಿನ ಅಕ್ಷರ ಓದಿ, ಗಾಡಿ ಪುಸ್ತಕದಲ್ಲಿ ಬರೆದಿರೋದಕ್ಕೆ ಹೊಂದುತ್ತಾ ನೋಡಿ.

ಸರಿ, ನೀರು ಅಂದರೆ ಯಾವ ನೀರು? ನಮ್ಮ ಜಿಲ್ಲೆಯ ಬೋರ್ ನೀರಿನ ಬಗ್ಗೆ ನಾನೇನು ಹೇಳಲಿ. ಬಚ್ಚಲ ಹಂಡೆ ತಳದಲ್ಲಿ ಕೂತಿರೋ ಬಿಳಿ ಸುಣ್ಣವನ್ನ ಒಮ್ಮೆ ಉಗುರಲ್ಲಿ ಕೆರೆದು ನೋಡಿ. ಅದೇ ಸುಣ್ಣ ಇಂಜಿನ್ ಒಳಗೆ ಎಲ್ಲಿ ಹೆಚ್ಚು ಕಾವು ಇದೆಯೋ ಅಲ್ಲಿಗೇ ಹೋಗಿ ಅಂಟುತ್ತೆ, ಅಂದರೆ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವ್ ಸುತ್ತ, ಪಿಸ್ಟನ್ ಓಡಾಡೋ ಕೊಳವೆಯಾದ ಲೈನರಿನ ಮೇಲ್ತುದಿಯಲ್ಲಿ. ಮುಳ್ಳು ಸರಿಯಾಗೇ ತೋರಿಸ್ತಾ ಇರುತ್ತೆ, ಒಳಗೆ ಆ ಜಾಗ ಮಾತ್ರ ಬೇಯ್ತಾ ಇರುತ್ತೆ.

ಆದರೆ ಇದೇ ಜಿಲ್ಲೆಯಲ್ಲಿ ಒಂದು ಅನುಕೂಲವೂ ಇದೆ. ಬೋರ್ ನೀರಿನ ಫ್ಲೋರೈಡ್ ಕಾಟದಿಂದ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತೆ. ಆ ಫಿಲ್ಟರ್ ನೀರಿನಲ್ಲಿ ಸುಣ್ಣ, ಉಪ್ಪು ಬಹುಪಾಲು ಹೋಗಿರುತ್ತೆ. ಅದಕ್ಕಿಂತ ಒಳ್ಳೆಯದು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್, ಬಂಕಿನಲ್ಲೂ ಸಿಗುತ್ತೆ. ಕೇಳುವಾಗ "ಬ್ಯಾಟರಿ ನೀರು" ಅಂತ ಮೊಟಕಾಗಿ ಕೇಳಬೇಡಿ, ಒಬ್ಬ ಪುಣ್ಯಾತ್ಮ ನನಗೆ ಆಸಿಡ್ ಕ್ಯಾನ್ ಎತ್ತಿ ಕೊಟ್ಟಿದ್ದ.

ಏನೂ ಸಿಗಲಿಲ್ಲ, ಬೋರ್ ನೀರೇ ಗತಿ ಅಂದರೆ? ಹಾಕಿ. ಲೆಕ್ಕ ಹಾಕಿದರೆ ಲೀಟರಿಗೆ 600 ಮಿಲಿಗ್ರಾಂ ಗಡಸುತನ ಇರೋ ನೀರು 6 ಲೀಟರ್ ಹಾಕಿದರೆ ಒಳಗೆ ಹೋಗೋ ಸುಣ್ಣ ಮೂರೂವರೆ ಗ್ರಾಂ ಚಿಲ್ಲರೆ. ಒಂದು ಸಲಕ್ಕೆ ಇಂಜಿನ್ ಸಾಯಲ್ಲ. ಖಾಲಿ ಓಡಿಸಿದರೆ ಖಂಡಿತ ಸಾಯುತ್ತೆ. ಇಂಜಿನ್ ಹಾಳಾಗೋದು ಆ ಒಂದು ರಾತ್ರಿಯ ನೀರಿನಿಂದಲ್ಲ, ಆಮೇಲೆ ದಿನಾ ಬೆಳಗ್ಗೆ ಒಂದು ಚೊಂಬು ಹಾಕೋ ಅಭ್ಯಾಸದಿಂದ.

ಆ ರಾತ್ರಿ ಮೊದಲು ಮುಕ್ಕಾಲು ಗಂಟೆ ಕಾಯೋಕೆ ಹೇಳಿದೆ. ಬಿಸಿ ಇರುವಾಗ ಗಾಡಿಯ ಕೂಲೆಂಟ್ ಡಬ್ಬದ ಮುಚ್ಚಳ ತೆಗೆದರೆ ಒಳಗಿನ ಒತ್ತಡಕ್ಕೆ ಕುದಿಯೋ ಕೂಲೆಂಟ್ ಮುಖಕ್ಕೆ ಚಿಮ್ಮುತ್ತೆ. ಕಾದ ಹೆಡ್ಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಹೋಸ್ ಕೈಯಲ್ಲಿ ಹಿಡಿಯೋವಷ್ಟು ಆರಿದ ಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳ ಸ್ವಲ್ಪ ಸಡಿಲಿಸಿದ. ಬುಸ್ ಅನ್ನೋದು ನಿಂತ ಮೇಲೆ ಪೂರಾ ತೆಗೆದ. ಫಿಲ್ಟರ್ ನೀರು ಸ್ವಲ್ಪ ಹಾಕಿ, ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಟ್ಟು, ಹೀಟರ್ ಆನ್ ಮಾಡಿಕೊಂಡು ಒಳಗಿನ ಗಾಳಿ ಹೋಗೋವರೆಗೂ ನಿಧಾನವಾಗಿ ಸುರಿದ. ಮಟ್ಟ ಮಿನಿಮಮ್ ದಾಟಿ ನಿಂತಿತು. ಎಷ್ಟು ಹಿಡೀತು ಅಂತ ಲೀಟರ್ ಬಾಟಲಿಯಲ್ಲೇ ಎಣಿಸಿ ಹಾಕು ಅಂದಿದ್ದೆ. ಆರು ಬಾಟಲಿ. ಟ್ರಿಪ್ ಶೀಟಿನ ಹಿಂದೆ "ನೀರು 6 ಲೀ, ನಂಗಲಿ" ಅಂತ ಬರೆಸಿದೆ.

ಆ ಸಾಲು ಬರೆಸಿದ್ದಕ್ಕೇ ಮಿಕ್ಕ ಲೆಕ್ಕ ಸಾಧ್ಯ ಆಯ್ತು. 40 ಲೀಟರಿನಲ್ಲಿ ಅರ್ಧ ಗ್ಲೈಕಾಲ್ ಅನ್ನೋ ಕೂಲೆಂಟಿನ ಮೂಲ ದ್ರವ, ಅರ್ಧ ನೀರು. 6 ಲೀಟರ್ ಸೋರಿದಾಗ 17 ಲೀಟರ್ ಗ್ಲೈಕಾಲ್ ಉಳಿಯಿತು. ಮೇಲೆ 6 ನೀರು ಸೇರಿದಾಗ 40ಕ್ಕೆ 17, ಅಂದರೆ ನೂರಕ್ಕೆ ನಲವತ್ತೆರಡೂವರೆ. ನಲವತ್ತರ ಮೇಲೆ ಇರೋವರೆಗೆ ನನಗೆ ಚಿಂತೆ ಇಲ್ಲ. ಚೆನ್ನೈ ಮುಟ್ಟಿ ವಾಪಸ್ ಮೊಗಿಲಿ ಘಾಟ್ ಹತ್ತಿ ಬರೋಕೆ ಧಾರಾಳ ಸಾಕು. ಅರ್ಧಕ್ಕರ್ಧ ಇರೋ ಗಾಡಿಯಲ್ಲಿ ಐದರಲ್ಲಿ ಒಂದು ಪಾಲು ಸೋರಿ ನೀರು ಹಾಕಿದರೆ ಸರಿಯಾಗಿ ನಲವತ್ತಕ್ಕೆ ಬರುತ್ತೆ. ನನ್ನ ಗೆರೆ ಅದು. ಅದಕ್ಕಿಂತ ಹೆಚ್ಚು ಹೋಗಿದ್ದರೆ ನೀರು ಹಾಕಿ ಹತ್ತಿರದ ವರ್ಕ್‌ಶಾಪಿಗೆ ಮಾತ್ರ, ಚೆನ್ನೈಗಲ್ಲ. ಮೇಲಕ್ಕೆ ಕಾಶ್ಮೀರದ ಸೇಬು ತರೋಕೆ ಹೋಗೋ ಗಾಡಿಗಳು ಚಳಿಗಾಲದಲ್ಲಿ ಈ ಗೆರೆಯನ್ನೂ ನಂಬಬಾರದು, ಅಲ್ಲಿ ಹೆಪ್ಪುಗಟ್ಟೋ ಲೆಕ್ಕ ಬೇರೆ.

ಇದೇ ಆರು ಲೀಟರ್ ಇನ್ನೊಂದು ಸಲ ಸೋರಿ ಇನ್ನೊಂದು ಸಲ ನೀರು ಹಾಕಿದರೆ 36ಕ್ಕೆ ಇಳಿಯುತ್ತೆ. ಮೂರನೇ ಸಲಕ್ಕೆ 31. ಡಬ್ಬ ತುಂಬಿರುತ್ತೆ, ಬಣ್ಣ ಇನ್ನೂ ಕೆಂಪಗೇ ಇರುತ್ತೆ, ಕಾಪಾಡೋ ಮದ್ದು ಮಾತ್ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿರುತ್ತೆ.

ಇದರ ಪಾಠ ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಮೊದಲ ಗಾಡಿಗೆ ನಾನೇ ಡ್ರೈವರ್, ನಾನೇ ಓನರ್, ದಿನಾ ಬೋರ್ ನೀರು. ಹೊರಗೆಲ್ಲೂ ಸೋರಿಕೆ ಇಲ್ಲ, ಆದರೂ ಮಟ್ಟ ಇಳೀತಿತ್ತು. ಡಬ್ಬದಲ್ಲಿ ಗುಳ್ಳೆ. ಕೊನೆಗೆ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಬಂತು. ಮೆಕ್ಯಾನಿಕ್ ಲೈನರ್ ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ನೀರು ತಾಗೋ ಕಡೆ ಒಂದು ಬದಿಗೆ ಸಾಲಾಗಿ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತು, ಹುಳ ತಿಂದ ಮರದ ಹಾಗೆ. ಪಿಸ್ಟನ್ ಹೊಡೆತಕ್ಕೆ ಲೈನರ್ ಅದುರುತ್ತೆ, ಅದುರಿದಾಗ ಅದಕ್ಕೆ ತಾಗಿದ ನೀರಿನಲ್ಲಿ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ, ಆ ಹೊಡೆತಕ್ಕೆ ಕಬ್ಬಿಣ ಚೂರುಚೂರಾಗಿ ಕಿತ್ತು ಬರುತ್ತೆ. ಕೂಲೆಂಟಿನಲ್ಲಿರೋ ಮದ್ದು ಅದನ್ನ ತಡೆಯೋದಕ್ಕೇ ಇರೋದು. ಬರೀ ನೀರಿಗೆ ಆ ಶಕ್ತಿ ಇಲ್ಲ, ಅದು ಫಿಲ್ಟರ್ ನೀರಾದರೂ ಅಷ್ಟೇ.

"ನಮ್ಮಪ್ಪನ ಕಾಲದಲ್ಲಿ ಬರೀ ನೀರಲ್ಲೇ ಓಡಿಸ್ತಿರಲಿಲ್ವಾ" ಅಂತ ಕಾಮೆಂಟಿನಲ್ಲಿ ಬರೋರಿಗೆ ಮೊದಲೇ ಹೇಳ್ತೀನಿ. ಓಡಿಸ್ತಿದ್ರು. ಘಾಟಿನ ತಿರುವು ತಿರುವಿಗೂ ಬಾನೆಟ್ ಎತ್ತಿ ಹಬೆ ಬಿಡ್ತಾ ನಿಂತಿರ್ತಿದ್ದ ಗಾಡಿಗಳೂ ಅವೇ. ಆ ಇಂಜಿನ್ನಿನ ಕುದುರೆ ಬಲ ಎಷ್ಟು, ಇವತ್ತಿನ ಬಿಎಸ್ 6 ಇಂಜಿನ್ನಿನದು ಎಷ್ಟು? ಈಗ ಎಕ್ಸಾಸ್ಟ್ ಹೊಗೆಯನ್ನ ತಣಿಸೋ ಕೂಲರಿಗೂ ಇದೇ ಕೂಲೆಂಟ್ ಹೋಗೋ ಗಾಡಿಗಳಿವೆ.

ಗಾಡಿ ಎರಡು ದಿನಕ್ಕೆ ವಾಪಸ್ ಬಂತು. ರಿಫ್ರಾಕ್ಟೋಮೀಟರ್ ಅಂತ ಗೇಣುದ್ದದ ದುರ್ಬೀನು ಇಟ್ಟುಕೊಂಡಿದೀನಿ. ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ನೀಲಿ ಬಿಳಿ ಸೇರೋ ಗೆರೆ ಕಾಣುತ್ತೆ, ಕೂಲೆಂಟ್ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತೆ ಅಂತ ಆ ಗೆರೆ ಹೇಳುತ್ತೆ. ಅರ್ಧಕ್ಕರ್ಧ ಇದ್ದರೆ ಮೈನಸ್ 37ರ ಹತ್ತಿರ, ನಲವತ್ತಕ್ಕೆ ಬಂದರೆ ಸುಮಾರು ಮೈನಸ್ 24. ನಮ್ಮದು ಎರಡರ ಮಧ್ಯೆ, ಮೈನಸ್ 24ಕ್ಕೇ ಹತ್ತಿರ ನಿಂತಿತ್ತು.

ಸರಿ ಮಾಡುವಾಗ ಬಹಳ ಜನ ತಪ್ಪು ಮಾಡ್ತಾರೆ. ರೆಡಿ ಮಿಕ್ಸ್ ತಂದು ಮೇಲೆ ಒಂದಿಷ್ಟು ಹಾಕಿ ಆಯ್ತು ಅಂತಾರೆ. ರೆಡಿ ಮಿಕ್ಸಿನಲ್ಲೇ ಅರ್ಧ ನೀರಿದೆಯಲ್ಲ, ನಲವತ್ತೆರಡೂವರೆಯನ್ನ ಅದು ಐವತ್ತಕ್ಕೆ ಮುಟ್ಟಿಸೋದು ಹೇಗೆ? ಅದೇ ಜಾತಿಯ, ನೀರು ಬೆರೆಸದ ಕಾನ್ಸಂಟ್ರೇಟ್ ತರಬೇಕು. ಇಂಜಿನ್ ತಣ್ಣಗಿರುವಾಗ ಕೆಳಗಿನಿಂದ 5 ಲೀಟರ್ ಮೇಲೆ ಸ್ವಲ್ಪ ಇಳಿಸಿದೆ, ಅಷ್ಟೇ ಕಾನ್ಸಂಟ್ರೇಟ್ ಹಾಕಿದೆ. ಒಂದು ಟ್ರಿಪ್ ಓಡಿ ಬೆರೆತ ಮೇಲೆ ಗೆರೆ 37ಕ್ಕೆ ಬಂತು. ಇಳಿಸಿದ್ದನ್ನ ಮುಚ್ಚಳ ಇರೋ ಕ್ಯಾನಿಗೇ ಹಿಡಿದೆ. ಅದು ಸಿಹಿ ವಿಷ, ಬಕೆಟ್ಟಿನಲ್ಲಿ ತೆರೆದು ಬಿಟ್ಟರೆ ಶೆಡ್ಡಿನ ನಾಯಿ ನೆಕ್ಕುತ್ತೆ.

ಕ್ಲಿಪ್ ಹೊಸದು ಹಾಕಿಸಿದೆ. ಈಗ ಎರಡೂ ಗಾಡಿಯಲ್ಲಿ ಸೀಟಿನ ಹಿಂದೆ 5 ಲೀಟರ್ ಡಿಸ್ಟಿಲ್ಡ್ ವಾಟರ್, 5 ಲೀಟರ್ ನಮ್ಮದೇ ಕೂಲೆಂಟ್ ಇರುತ್ತೆ. ಮೊನ್ನೆ ನೋಡಿದರೆ ಕ್ಲೀನರ್ ಹುಡುಗ ಹೊಗೆ ಶುದ್ಧ ಮಾಡೋಕೆ ಹಾಕೋ ಯೂರಿಯಾ ದ್ರಾವಣ, ಅದೇ ಡಿಇಎಫ್, ಬರೋ ಖಾಲಿ ಬಕೆಟ್ಟಿಗೆ ನೀರು ತುಂಬಿ ಅದರ ಪಕ್ಕದಲ್ಲೇ ಇಟ್ಟಿದ್ದಾನೆ. ಬಣ್ಣ ಇಲ್ಲ, ವಾಸನೆ ಅಷ್ಟಾಗಿ ಇಲ್ಲ, ರಾತ್ರಿ ಕತ್ತಲಲ್ಲಿ ಯಾವುದು ಯೂರಿಯಾ, ಯಾವುದು ನೀರು ಅಂತ ಯಾರಿಗೆ ಗೊತ್ತಾಗುತ್ತೆ? "ಅಣ್ಣಾ, ಚೆನ್ನಾಗಿ ತೊಳೆದಿದೀನಿ" ಅಂದ. ಆ ನೀರಲ್ಲಿ ಗಾಡಿ ಗ್ಲಾಸ್ ಒರೆಸು ಅಂತ ಬಕೆಟ್ ಕೆಳಗಿಳಿಸಿದೆ.