‘ವಹಿವಾಟು ಜಾಸ್ತಿಯಾಗಿದೆ, ಓವರ್‌ಡ್ರಾಫ್ಟ್ ಏರಿಸಿ’ ಅಂದ್ರೆ ಯಾರು ಏರಿಸ್ತಾರೆ ಸ್ವಾಮಿ?

ಟೈಲರ್ ಅಂಗಡಿಯವರು ಓವರ್‌ಡ್ರಾಫ್ಟ್, ಅಂದ್ರೆ ಖಾತೆಯಲ್ಲಿರೋದಕ್ಕಿಂತ ಜಾಸ್ತಿ ತೆಗೆಯೋಕೆ ಬ್ಯಾಂಕ್ ಬಿಡೋ ‘ಓಡಿ’ ಸಾಲದ ಮಿತಿ ಏರಿಸಿ ಅಂತ ಬ್ಯಾಂಕಿಗೆ ಕೊಡೋ ಪತ್ರ ಓದಿದ್ರೆ ಮೈ ಉರಿಯುತ್ತೆ. ‘ಮಾನ್ಯರೇ, ನಮ್ಮ ವಹಿವಾಟು ದಿನೇ ದಿನೇ ವೃದ್ಧಿಯಾಗುತ್ತಿದ್ದು, ದಯಮಾಡಿ ಮಿತಿಯನ್ನು ಹೆಚ್ಚಿಸಿಕೊಡಬೇಕಾಗಿ ವಿನಂತಿ.’ ಅಷ್ಟೇ. ಬ್ಯಾಂಕಿನ ಉತ್ತರ ಇನ್ನೂ ಚೆಂದ: ‘ಪರಿಶೀಲಿಸಲಾಗಿದೆ, ಸದ್ಯಕ್ಕೆ ಸಾಧ್ಯವಿಲ್ಲ.’ ಏನು ನೋಡಿದ್ರಿ, ಯಾವುದು ಕಮ್ಮಿ ಬಿತ್ತು ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ?

ಅವರು ಹೇಳದೇ ಇರೋದು ಇದು. ವಹಿವಾಟು ಬೆಳೆದ ಕೂಡಲೇ ಓಡಿ ಬೇಕಾಗುತ್ತೆ ಅಂತೇನಿಲ್ಲ. ಗಿರಾಕಿ ತಾನೇ ಬಟ್ಟೆ ತಂದು, ಬ್ಲೌಸ್ ಹೊಲಿಸ್ಕೊಂಡು, ಕೈಗೆ ದುಡ್ಡು ಕೊಟ್ಟು ಹೋದ್ರೆ ಅಂಗಡಿಯವರು ಹಾಕೋದು ದಾರ, ಲೈನಿಂಗ್, ಕೆಲವು ದಿನದ ಕೂಲಿ ಮಾತ್ರ. ಆ ಕೆಲಸ ದುಪ್ಪಟ್ಟಾದ್ರೂ ಸಾಲದ ಅಗತ್ಯ ಅಷ್ಟೇನೂ ಏರಲ್ಲ. ದುಡ್ಡು ಸಿಕ್ಕಿಹಾಕಿಕೊಳ್ಳೋದು ಶಾಲೆಯ ಯೂನಿಫಾರ್ಮ್ ಥರದ ಆರ್ಡರಿನಲ್ಲಿ. ಅಲ್ಲಿ ಬಟ್ಟೆ ನಮ್ಮದು, ಕೂಲಿ ವಾರವಾರ ಕೊಡಬೇಕು, ಬಿಲ್ ಹಣ ಮಾತ್ರ ನಿಧಾನ. ಪತ್ರದಲ್ಲಿ ಬರೀಬೇಕಾದ್ದು ಈ ನಡುವಿನ ದಿನಗಳ ಲೆಕ್ಕ. ಅದನ್ನೇ ಯಾರೂ ಬರೆಯಲ್ಲ!

ಯೂನಿಫಾರ್ಮ್ ಅಂಗಡಿಯೊಂದರ ತಿಂಗಳ ಬಿಲ್ಲು 2 ಲಕ್ಷದಿಂದ 3 ಲಕ್ಷಕ್ಕೆ ಏರಿದೆ, ಈಗಿನ ಮಿತಿ ಒಂದೂವರೆ ಲಕ್ಷ ಅಂತಿಟ್ಕೊಳ್ಳಿ. 3 ಲಕ್ಷದ ಬಿಲ್ಲಿಗೆ ಬಟ್ಟೆ, ಗುಂಡಿ, ಜಿಪ್ ಸೇರಿ 1.2 ಲಕ್ಷ, ಕೂಲಿ 90 ಸಾವಿರ. ಬಟ್ಟೆ ಬಂದು ಡೆಲಿವರಿ ಆಗೋಕೆ 20 ದಿನ, ಶಾಲೆ ದುಡ್ಡು ಕೊಡೋಕೆ ಇನ್ನೂ 40 ದಿನ, ಒಟ್ಟು 60. ಬಟ್ಟೆ ವ್ಯಾಪಾರಿ 15 ದಿನ ಉದ್ರಿ ಕೊಟ್ರೆ ಉಳಿದದ್ದು 45 ದಿನ, ತಿಂಗಳಿಗೆ 1.2 ಲಕ್ಷದಂತೆ ಒಂದೂವರೆ ತಿಂಗಳಿಗೆ ಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದು 1.8 ಲಕ್ಷ. ಕೂಲಿ ಸರಾಸರಿ ಡೆಲಿವರಿಗೆ 10 ದಿನ ಮುಂಚೆ ಹೋಗುತ್ತೆ, ವಾಪಸ್ ಬರೋಕೆ 50 ದಿನ, ತಿಂಗಳಿಗೆ 90 ಸಾವಿರದಂತೆ ಅದು ಒಂದೂವರೆ ಲಕ್ಷ. ಎರಡೂ ಸೇರಿ 3.3 ಲಕ್ಷ. ಅಂಗಡಿಯವರ ಸ್ವಂತ ದುಡ್ಡು 70 ಸಾವಿರ ಕಳೆದ್ರೆ ಬೇಕಾದ ಮಿತಿ 2.6 ಲಕ್ಷ. ಇದೇ ಲೆಕ್ಕ ಹಳೇ 2 ಲಕ್ಷದ ಬಿಲ್ಲಿಗೆ ಹಾಕಿದ್ರೆ ಸರಿಯಾಗಿ ಒಂದೂವರೆ ಲಕ್ಷ ಬರುತ್ತೆ, ಈಗಿರೋ ಮಿತಿ! ‘ದಯಮಾಡಿ’ ಅನ್ನೋ ಜಾಗದಲ್ಲಿ ಈ ಲೆಕ್ಕ ಬರೆದು, ಶಾಲೆಯ ಆರ್ಡರ್ ಪ್ರತಿ, ಬಾಕಿ ಬಿಲ್‌ಗಳ ತಾರೀಕುಸಹಿತ ಪಟ್ಟಿ ಹಚ್ಚಿಕೊಟ್ರೆ ಮ್ಯಾನೇಜರ್ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ.

ಇನ್ನೊಂದು ಉರಿ. ಪತ್ರದಲ್ಲಿ 3 ಲಕ್ಷ ಅಂತ ಬರೆದಿರ್ತಾರೆ, ಖಾತೆಯಲ್ಲಿ ಜಮಾ ಆಗಿರೋದು ಒಂದೂವರೆ. ಬಾಕಿ ಎಲ್ಲಿ ಹೋಯ್ತು? ಗಲ್ಲಾಪೆಟ್ಟಿಗೆಯಿಂದಲೇ ಕೂಲಿ ಬಟವಾಡೆ ಆಯ್ತು, ಫೋನಿಗೆ ಬಂದದ್ದು ಮನೆಯವರ ಉಳಿತಾಯ ಖಾತೆಗೆ ಹೋಯ್ತು. ಬ್ಯಾಂಕಿನವರು ಎಣಿಸೋದು ಖಾತೆಗೆ ಬಿದ್ದದ್ದನ್ನ. ಅದರಲ್ಲೂ ಒಂದು ಖಾತೆಯಿಂದ ಇನ್ನೊಂದಕ್ಕೆ ತಿರುಗಿಸಿದ್ದು, ಬೌನ್ಸ್ ಆದ ಚೆಕ್ಕು, ಎರಡನ್ನೂ ಕಳೆದುಬಿಡ್ತಾರೆ. ಕನಿಷ್ಠ ಆರು ತಿಂಗಳು ಎಲ್ಲ ವಸೂಲಿಯನ್ನೂ ಅದೇ ಖಾತೆಗೆ ಹಾಕಿ, ಆಮೇಲೆ ಕೂಲಿಗೆ ತೆಗೀರಿ. ಆಗ ಪತ್ರ ಹೇಳೋದಕ್ಕೂ ಪಾಸ್‌ಪುಸ್ತಕ ಹೇಳೋದಕ್ಕೂ ತಾಳೆ ಬೀಳುತ್ತೆ.

ಖಾತೆ ಮಿತಿಗೆ ಅಂಟಿಕೊಂಡು ಕೂತಿದ್ರಂತೂ ಕಥೆ ಮುಗೀತು. ಸೀಸನ್ ಮುಗಿದು ಶಾಲೆ ದುಡ್ಡು ಕೊಟ್ಟಾಗ ಓಡಿ ಬಾಕಿ ಇಳೀಬೇಕು. ಇಳಿದೇ ಇಲ್ಲ ಅಂದ್ರೆ ಬ್ಯಾಂಕಿನವರಿಗೆ ತಕ್ಷಣ ಅನುಮಾನ: ಈ ದುಡ್ಡಲ್ಲಿ ಓವರ್‌ಲಾಕ್ ಮೆಷಿನ್ ತಗೊಂಡಿದಾರಾ ಅಂತ. ಎಷ್ಟೋ ಸಲ ಅನುಮಾನ ನಿಜವೇ ಆಗಿರುತ್ತೆ. ಮೆಷಿನ್ನಿಗೆ ಕಂತಿನ ಸಾಲ ಬೇರೆ ಕೇಳಬೇಕು. ಓಡಿಯಲ್ಲಿ ಮೆಷಿನ್ ಕೊಂಡ್ರೆ ಮಿತಿಯೊಳಗೆ ಬಟ್ಟೆಗೆ ಇಟ್ಟ ಜಾಗ ವರ್ಷಗಟ್ಟಲೆ ಮುಚ್ಚಿಹೋಗುತ್ತೆ. ಆದ್ರೆ ಇದನ್ನೂ ಕೌಂಟರಿನಲ್ಲಿ ಯಾರೂ ಹೇಳಲ್ಲ, ‘ಖಾತೆ ನಿರ್ವಹಣೆ ಸಮಾಧಾನಕರವಾಗಿಲ್ಲ’ ಅಂತ ಗೀಚಿ ಕಳಿಸ್ತಾರೆ. ಕತ್ತರಿ ಹಿಡಿಯೋರಿಗೆ ಅದರ ಅರ್ಥ ಯಾರು ಬಿಡಿಸಿ ಹೇಳಬೇಕು?

ಸಮಯವಾದ್ರೂ ಸರಿ ಇರುತ್ತಾ ಅಂದ್ರೆ ಅದೂ ಇಲ್ಲ. ಶಾಲೆ ಶುರುವಾಗೋಕೆ ಎರಡು ಮೂರು ತಿಂಗಳ ಮೊದಲೇ, ಆರ್ಡರ್ ಕೈಗೆ ಬಂದ ವಾರವೇ ಪತ್ರ ಹೋಗಬೇಕು. ಬಟ್ಟೆ ವ್ಯಾಪಾರಿಗೆ ಕೊಟ್ಟ ಚೆಕ್ ವಾಪಸ್ ಬಂದ ಮಾರನೇ ದಿನ ‘ನಮ್ಮ ವಹಿವಾಟು ವೃದ್ಧಿಯಾಗುತ್ತಿದ್ದು’ ಅಂತ ಹೋದ್ರೆ, ಮ್ಯಾನೇಜರ್ ಕಂಪ್ಯೂಟರಿನಲ್ಲಿ ಮೊದಲು ಕಾಣೋದೇ ಆ ವಾಪಸಾದ ಚೆಕ್ಕು.