ಇನ್ನೂ ಹತ್ತು ತಿಂಗಳು ಕಾಯ್ಬೇಕಂತೆ!

ಇವತ್ತು ಚಿಕ್ಕಮ್ಮನ ಮಗಳ ಜೊತೆ ವಕೀಲರ ಆಫೀಸಿಗೆ ಹೋಗಿದ್ದೆ. ನಮ್ಮ ಕುಟುಂಬದಲ್ಲಿ ಮೊದಲು ಡೈವೋರ್ಸ್ ತಗೊಂಡವಳು ನಾನೇ ಅಲ್ವಾ, ಹಾಗಾಗಿ ಇಂಥದ್ದಕ್ಕೆಲ್ಲ ನನ್ನನ್ನೇ ಕರೀತಾರೆ. ಮದುವೆಗೆ ಕರೆಯೋದು ಮಾತ್ರ ಮರೆತುಹೋಗುತ್ತೆ.

ಅವಳೂ ಗಂಡನೂ ಬೇರೆಯಾಗಿ ಹದಿನಾಲ್ಕು ತಿಂಗಳಾಯಿತು. ಜಗಳ ಇಲ್ಲ, ಮಕ್ಕಳಿಲ್ಲ, ಇಬ್ಬರೂ ಒಪ್ಪಿದ್ದಾರೆ. ವಕೀಲರು ಕಡತದ ಮೇಲೆ ಬೆರಳು ತಟ್ಟುತ್ತಾ ಹೇಳಿದರು: "ಕ್ರಿಶ್ಚಿಯನ್ ಅಲ್ವೇನಮ್ಮಾ, ನಿಮಗೆ ಎರಡು ವರ್ಷ. ಇನ್ನೂ ಹತ್ತು ತಿಂಗಳು ಬಿಟ್ಟು ಬನ್ನಿ."

ಅವಳ ರೂಮ್‌ಮೇಟ್ ಹಿಂದೂ. ಅದೇ ತಿಂಗಳು ಗಂಡನ ಮನೆ ಬಿಟ್ಟವಳು. ವರ್ಷ ತುಂಬಿದ ಕೂಡಲೇ ಮ್ಯೂಚುವಲ್ ಅರ್ಜಿ ಹಾಕಿದಳು. ಆರು ತಿಂಗಳ ಗಡುವಿನಲ್ಲಿ ಎರಡು ಕಳೆದಿದೆ, ಉಳಿದ ನಾಲ್ಕು ಮುಗಿದರೆ ಕೋರ್ಟಿಗೆ ಮತ್ತೆ ಹೋಗಿ ಹೌದು ಅಂದರಾಯಿತು. ಒಂದೇ ರೂಮು, ಒಂದೇ ಸಂಕಟ, ಕ್ಯಾಲೆಂಡರ್ ಮಾತ್ರ ಬೇರೆ.

ವಕೀಲರು ಹೇಳಿದ್ದು ಪುಸ್ತಕದಲ್ಲಿ ಇರುವುದೇ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲೇ ಒಪ್ಪಿಗೆ ವಿಚ್ಛೇದನದ ಸೆಕ್ಷನ್ 13ಬಿ ಬಂತು, ಒಂದು ವರ್ಷ ಬೇರೆ ಇದ್ದರೆ ಸಾಕು. ನಮ್ಮದು 1869ರ ಕಾಯ್ದೆ. ಅದರಲ್ಲಿ ಒಪ್ಪಿಗೆ ವಿಚ್ಛೇದನ ಅನ್ನುವುದೇ ಇರಲಿಲ್ಲ. 2001ರಲ್ಲಿ ತಿದ್ದಿ 10ಎ ಸೇರಿಸಿದರು. ಸೇರಿಸುವಾಗ ಎರಡು ವರ್ಷ ಅಂತ ಬರೆದರು. ಯಾಕೆ ಎರಡು ಅಂತ ಇವತ್ತಿಗೂ ನನಗೆ ಅರ್ಥ ಆಗಿಲ್ಲ.

ಆದರೆ ವಕೀಲರು ಪುಸ್ತಕ ಅಲ್ಲಿಗೇ ಮುಚ್ಚಿದ್ದರು. 2010ರಲ್ಲೇ ಕೇರಳ ಹೈಕೋರ್ಟ್ ಇದು ತಾರತಮ್ಯ, ಎರಡನ್ನು ಒಂದು ಅಂತ ಓದಿಕೊಳ್ಳಿ ಅಂದಿತ್ತು. 2014ರಲ್ಲಿ ಶಿವಕುಮಾರ್ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದನ್ನೇ ಹೇಳಿತು. 2022ರ ಕೊನೆಯಲ್ಲಿ ಕೇರಳದವರು ಆ ಒಂದು ವರ್ಷವನ್ನೂ ತೆಗೆದುಹಾಕಿದರು, ಅದು ಬೇರೆ ಮಾತು. ನಮ್ಮ ರಾಜ್ಯದಲ್ಲಿ ಒಂದು ವರ್ಷ. ಅಂದರೆ ತಂಗಿ ಎರಡು ತಿಂಗಳ ಹಿಂದೆಯೇ ಅರ್ಜಿ ಹಾಕಬಹುದಿತ್ತು. ನಾನು ಮೊಬೈಲಿನಲ್ಲಿ ತೀರ್ಪು ತೆಗೆದು ತೋರಿಸಿದೆ. "ಓ, ಹಾಗಾ" ಅಂದರು. ಫೀಸ್ ಮಾತ್ರ ಪೂರ್ತಿ ತಗೊಂಡರು.

"ನಮ್ಮಲ್ಲಿ ಮದುವೆ ಸಂಸ್ಕಾರ ಕಣೇ, ಸ್ವಲ್ಪ ಕಾದರೆ ಮನಸ್ಸು ಬದಲಾಗಬಹುದು" ಅಂತ ಚಿಕ್ಕಮ್ಮ ಅನ್ನುತ್ತಾರೆ. ಇರಲಿ. ಹಿಂದೂಗಳಿಗೆ ಸಂಸ್ಕಾರ ಅಲ್ವಾ ಹಾಗಾದ್ರೆ? ಸಪ್ತಪದಿ ಸುಮ್ನೆ ವಾಕಿಂಗಾ?

ಇದಕ್ಕಿಂತ ದೊಡ್ಡ ತಮಾಷೆ ಒಂದಿದೆ. ಜಗಳದ ಡೈವೋರ್ಸಿಗೆ ಹಿಂದೂ ದಂಪತಿ ಮದುವೆಯಾಗಿ ಒಂದು ವರ್ಷ ಕಾಯಬೇಕು, ತೀರಾ ಕಷ್ಟ ಅಂತ ಕೋರ್ಟ್ ಒಪ್ಪಿದರೆ ಮಾತ್ರ ವಿನಾಯಿತಿ. ನಮ್ಮ ಕಾಯ್ದೆಯಲ್ಲಿ ಆ ತಡೆ ಇಲ್ಲ. ಗಂಡ ಕ್ರೂರಿ ಅಂತ ಹೇಳಿ ಎರಡನೇ ತಿಂಗಳಲ್ಲೇ ಅರ್ಜಿ ಹಾಕಬಹುದು. ಕೆಸರೆರಚುವವರು ಕಾಯಬೇಕಿಲ್ಲ, ಮರ್ಯಾದೆಯಾಗಿ ಬೇರೆಯಾಗುವವರು ಕಾಯಬೇಕು!

ನಾನು ಮಾಡಿದ್ದೂ ಅದನ್ನೇ. ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. 2012ರಲ್ಲಿ ನಮ್ಮ ಹೈಕೋರ್ಟಿನ ತೀರ್ಪು ಇನ್ನೂ ಬಂದಿರಲಿಲ್ಲ. ಬೇರೆ ಇದ್ದು ಆರು ತಿಂಗಳಷ್ಟೇ ಆಗಿತ್ತು, ಎರಡು ವರ್ಷ ಕಾಯುವ ತಾಳ್ಮೆ ನನಗಿರಲಿಲ್ಲ. ಕ್ರೌರ್ಯ ಅಂತ ಹಾಕೋಣ ಅಂದರು ಅವತ್ತಿನ ವಕೀಲರು. ಹಿಂದೂ ಕಾಯ್ದೆಯಲ್ಲಿ ಕ್ರೌರ್ಯದಿಂದ ನಡೆಸಿಕೊಂಡ ಅಂದರೆ ಮುಗೀತು. ನಮ್ಮದರಲ್ಲಿ, ಅವನ ಜೊತೆ ಬದುಕಿದರೆ ನನಗೆ ಹಾನಿ, ಅಪಾಯ ಅನ್ನುವ ಭಯ ಹುಟ್ಟುವಷ್ಟು ಕ್ರೌರ್ಯ ಇರಬೇಕು. ಹಾಗಾಗಿ ಮಸಾಲೆ ಜಾಸ್ತಿ ಬೇಕಾಯಿತು. ಊಟದ ತಟ್ಟೆ ಎಸೆದ, ಕೈ ಎತ್ತಿದ, ರಾತ್ರಿ ಮನೆಯಿಂದ ಹೊರಗೆ ಹಾಕಿದ ಅಂತೆಲ್ಲ ಹನ್ನೊಂದು ಪುಟ. ಆ ಮನುಷ್ಯ ತಟ್ಟೆ ಎಸೆಯುವುದಿರಲಿ, ಊಟ ಆದಮೇಲೆ ನನ್ನ ತಟ್ಟೆಯನ್ನೂ ತೊಳೆದಿಡುತ್ತಿದ್ದ. ನಮಗೆ ಹೊಂದಲಿಲ್ಲ, ಅಷ್ಟೇ. ಹೊಂದಲಿಲ್ಲ ಅನ್ನುವುದಕ್ಕೆ ಯಾವ ಕಾಯ್ದೆಯಲ್ಲೂ ಸೆಕ್ಷನ್ ಇಲ್ಲ.

ಬೇಗ ಆಗುತ್ತೆ ಅಂತ ಆ ದಾರಿ ಹಿಡಿದರೆ ಸಾಕ್ಷಿ, ವಾಯಿದೆ ಅಂತ ಮೂರು ವರ್ಷ ಹಿಡಿಯಿತು. ಸುಮ್ಮನೆ ಕಾದಿದ್ದರೆ ಅದಕ್ಕಿಂತ ಮೊದಲೇ ಮುಗಿಯುತ್ತಿತ್ತು.

ಅರ್ಜಿಯ ಪ್ರತಿ ಕೈಗೆ ಸಿಕ್ಕ ದಿನ ಅವನು ಕೋರ್ಟ್ ಕಾರಿಡಾರಿನ ಬೆಂಚಿನ ಮೇಲೆ ಕೂತು ಹನ್ನೊಂದೂ ಪುಟ ಓದಿದ. ಬೈಯಲಿಲ್ಲ. ತಲೆ ಎತ್ತಿ, "ಯಾವ ತಟ್ಟೆ?" ಅಂತ ಕೇಳಿದ.