ಒಂದೇ ಲೋಟ, ಆಯಿಗೆ ಹುಳಿ, ಅಪ್ಪಯ್ಯನಿಗೆ ಕಹಿ

ಕಳೆದ ಮಳೆಗಾಲ ತಂಗಿ ಮೂಡಿಗೆರೆ ಕಡೆಯಿಂದ ಒಂದು ಕೆಜಿ ಅರೇಬಿಕಾ ಬೀಜ ತಂದುಕೊಟ್ಟಳು. ಹದವಾಗಿ ಹುರಿದದ್ದು, ಚಿಕೋರಿ ಇಲ್ಲ, ಪುಡಿಯೂ ಮಾಡಿಲ್ಲ. ಶಿರಸಿ ಪೇಟೆಯ ಚಿಕೋರಿ ಬೆರೆಸಿದ ಪುಡಿಗೆ ಒಗ್ಗಿಹೋದ ಮನೆ ನಮ್ಮದು. ಆದರೂ ಉತ್ಸಾಹದಿಂದ ಮಿಕ್ಸಿಗೆ ಹಾಕಿ ಗರಗರ ಮಾಡಿ, ಸ್ಟೀಲ್ ಫಿಲ್ಟರಿಗೆ ತುಂಬಿ, ಹಾಲು ಬೆರೆಸಿ ಕೊಟ್ಟೆ. ಆಯಿ ಒಂದು ಗುಟುಕು ಕುಡಿದು, "ತಮಾ, ಇದು ಕಾಫಿ ಅಲ್ದೋ, ಅಪ್ಪೆಹುಳಿ" ಅಂದರು. ಅದೇ ಲೋಟದಿಂದ ಅಪ್ಪಯ್ಯ ಕುಡಿದು, "ಹುಳಿ ಎಲ್ಲಿದ್ದೇ? ಕಹಿ ಇದ್ದು" ಅಂದರು. ಇಬ್ಬರೂ ಸೋಲುವವರಲ್ಲ.

ನಾನು ಆಗ ಅಪ್ಪಯ್ಯನ ನಾಲಿಗೆಯನ್ನೇ ಅನುಮಾನಿಸಿದೆ. ಯಾಕೆಂದರೆ ಹುಳಿಯನ್ನು ಕಹಿ ಅನ್ನುವವರು ಬಹಳ ಜನ. ಬಾಯಿಗೆ ಸೇರದ ಕಾಫಿಯೆಲ್ಲ ಕಹಿ ಎಂಬ ಲೆಕ್ಕ ಅವರದು. ಆದರೆ ಇದನ್ನು ಬೇರೆ ಮಾಡಿಕೊಳ್ಳದೆ ಕಾಫಿ ಸರಿಮಾಡಲು ಹೋದರೆ ಎಡವಟ್ಟು. ಹುಳಿ ಅಂದರೆ ಪುಡಿಯಿಂದ ಸಾರ ಸಾಕಷ್ಟು ಇಳಿದಿಲ್ಲ, ಕಹಿ ಒಗರು ಅಂದರೆ ಜಾಸ್ತಿ ಇಳಿದಿದೆ. ಎರಡಕ್ಕೂ ಔಷಧ ತದ್ವಿರುದ್ಧ. ತಪ್ಪು ಓದಿದರೆ ರೋಗ ಹೆಚ್ಚುತ್ತದೆ.

ಹಾಲು ಹಾಕಿದ ಮೇಲೆ ಓದುವುದಂತೂ ಕಷ್ಟ. ಹಾಲು ಒಗರನ್ನು ಮುಚ್ಚುತ್ತದೆ, ಸಕ್ಕರೆ ಉಳಿದದ್ದನ್ನೆಲ್ಲ ಮುಚ್ಚುತ್ತದೆ. ಹಾಗಾಗಿ ಈಗ ನಾನು ಒಂದು ಚಮಚ ಡಿಕಾಕ್ಷನ್‌ಗೆ ನಾಲ್ಕು ಚಮಚ ಬಿಸಿನೀರು ಬೆರೆಸಿ, ಉಗುರುಬೆಚ್ಚಗಾಗುವವರೆಗೆ ಕಾಯುತ್ತೇನೆ. ಸುಡುವ ಕಾಫಿಯಲ್ಲಿ ನಾಲಿಗೆಗೆ ಬಿಸಿ ಬಿಟ್ಟು ಬೇರೇನೂ ಸರಿಯಾಗಿ ತಿಳಿಯುವುದಿಲ್ಲ. ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿ, ಆಮೇಲೆ ಬಾಯಿ ಏನು ಮಾಡುತ್ತದೆ ಅಂತ ಸುಮ್ನೆ ನೋಡುವುದು. ಕೆನ್ನೆಯ ಒಳಗೆ ನೀರೂರಿದರೆ ಅದು ಹುಳಿ. ಅದರ ಜೊತೆ ತೆಳ್ಳಗಿದ್ದು, ಒಂಚೂರು ಉಪ್ಪುಪ್ಪಾಗಿ, ರುಚಿ ತಟ್ಟನೆ ಮಾಯವಾದರೆ ಸಾರ ಇಳಿದಿಲ್ಲ ಅಂತಲೇ ಅರ್ಥ. ಹುಳಿಯೆಲ್ಲ ಕೆಟ್ಟದ್ದಲ್ಲ ಬಿಡಿ. ಅಪ್ಪೆಹುಳಿಗೆ ಚೂರು ಬೆಲ್ಲ ಬಿದ್ದ ಹಾಗೆ ಸಿಹಿಯ ಜೊತೆ ಬರುವ ಹುಳಿ ಒಳ್ಳೆ ಅರೇಬಿಕಾದ ಗುಣ. ಬರೀ ಹುಳಿಯೊಂದೇ ಚುರುಕ್ ಅಂದರೆ ತಕರಾರು. ಇನ್ನು ನೀರೂರುವ ಬದಲು ಬಾಯಿ ಒಣಗಿ, ನಾಲಿಗೆ ಒರಟಾದರೆ ಅದು ಒಗರು. ಇದನ್ನು ನಮ್ಮ ಕಡೆಯವರಿಗೆ ವಿವರಿಸುವುದೇ ಬೇಡ. ಹಸಿ ಅಡಿಕೆ ಕಚ್ಚಿದವರಿಗೆ, ಕೆಂಪಡಿಕೆ ಬೇಯಿಸುವಾಗ ಚೊಗರಿನ ಹನಿ ಬಾಯಿಗೆ ತಾಗಿದವರಿಗೆ ಗೊತ್ತು. ಕಹಿಗೆ ಈ ಒಣಗುವಿಕೆ ಅಂಟಿಕೊಂಡು ಬಂದು ಬಹಳ ಹೊತ್ತು ಹೋಗದಿದ್ದರೆ ಸಾರ ಜಾಸ್ತಿ ಇಳಿದಿದೆ.

ಯಾಕೆ ಹೀಗೆ ಅಂದರೆ, ಪುಡಿಯಲ್ಲಿರುವುದೆಲ್ಲ ಒಟ್ಟಿಗೆ ಕರಗುವುದಿಲ್ಲ. ಆಮ್ಲಗಳು, ಲವಣಗಳು ಬಿಸಿನೀರು ಬಿದ್ದ ಕೂಡಲೇ ಓಡಿಬರುತ್ತವೆ. ಸಿಹಿ ಅನಿಸುವ ಭಾಗ ನಂತರ. ಕಟುವಾದ ಕಹಿ, ಒಗರು ನಿಧಾನಸ್ಥರು, ಕೊನೆಗೆ ಬರುತ್ತವೆ. ಹುರಿದ ಬೀಜದ ತೂಕದಲ್ಲಿ ಹೆಚ್ಚೆಂದರೆ ಶೇ. 30ರಷ್ಟು ನೀರಿಗೆ ಕರಗುತ್ತದೆ. ಪುಡಿಯ ತೂಕದ ಶೇ. 18ರಿಂದ 22ರಷ್ಟು ಇಳಿದಾಗ ರುಚಿ ಚೆನ್ನ ಅಂತ ಅಮೆರಿಕದ ಅರ್ನೆಸ್ಟ್ ಲಾಕ್‌ಹಾರ್ಟ್ 1950ರ ದಶಕದಲ್ಲೇ ತೋರಿಸಿದ್ದರು. ನಮಗೆ ಅಳೆಯುವ ಯಂತ್ರ ಬೇಡ, ಮೂರು ಲೋಟ ಸಾಕು.

ಒಂದು ಭಾನುವಾರ ಅದನ್ನೇ ಮಾಡಿದೆ. 20 ಗ್ರಾಂ ಪುಡಿ, ಕುದಿ ಇಳಿದ ನೀರು 120 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿದು ಇಟ್ಟುಕೊಳ್ಳುತ್ತದೆ, ಹಾಗಾಗಿ ಕೆಳಗೆ ಸಿಗುವುದು 80 ಮಿಲಿ. ಅದನ್ನು ಇಳಿದ ಕ್ರಮದಲ್ಲೇ ಮೂರು ಲೋಟಕ್ಕೆ ಹಿಡಿದೆ. ಮೊದಲನೆಯದು ಎಣ್ಣೆಯಂತೆ ಮಂದ, ಮೂರನೆಯದು ನೀರು ನೀರು. ಹಾಗೆಯೇ ಕುಡಿದರೆ ಮೊದಲ ಲೋಟವೇ ಎಲ್ಲಕ್ಕಿಂತ ಕಹಿ ಅನಿಸುತ್ತದೆ, ಅದು ಮೋಸ, ಗಟ್ಟಿಯಾದದ್ದೆಲ್ಲ ನಾಲಿಗೆಗೆ ಹೊಡೆಯುತ್ತದೆ ಅಷ್ಟೇ. ಬಿಸಿನೀರು ಹಾಕಿ ಮೂರರ ಬಣ್ಣವನ್ನೂ ಒಂದೇ ಮಟ್ಟಕ್ಕೆ ತಂದು ಆಯಿಗೆ ಕೊಟ್ಟೆ. ಮೊದಲನೆಯದು ಹುಳಿ. ಎರಡನೆಯದಕ್ಕೆ ಅವರು ಏನೂ ಹೇಳದೆ ಇನ್ನೊಂದು ಗುಟುಕು ಕುಡಿದರು. ಮೂರನೆಯದಕ್ಕೆ, "ಇದು ಎರಡನೇ ಡಿಕಾಕ್ಷನ್ ಹಂಗೆ ಇದ್ದು" ಅಂದರು.

ನೋಡಿ, ಮೂವತ್ತು ವರ್ಷದಿಂದ ಅವರಿಗೆ ಗೊತ್ತಿದ್ದದ್ದೇ! ಅದೇ ಪುಡಿಗೆ ಮತ್ತೊಮ್ಮೆ ನೀರು ಹಾಕಿ ತೆಗೆಯುವ ಎರಡನೇ ಡಿಕಾಕ್ಷನ್ ತೆಳ್ಳಗಿದ್ದೂ ಕಹಿ. ಕಾಫಿ ಸ್ಟ್ರಾಂಗ್ ಆಗಿರುವುದೇ ಬೇರೆ, ಸಾರ ಜಾಸ್ತಿ ಇಳಿಯುವುದೇ ಬೇರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಕಹಿ ಆಯ್ತು ಅಂತ ಪುಡಿ ಕಡಿಮೆ ಹಾಕುವವರು ಇಲ್ಲೇ ಎಡವುತ್ತಾರೆ. ಅಷ್ಟೇ ನೀರು ಕಡಿಮೆ ಪುಡಿಯನ್ನು ಇನ್ನೂ ಹಿಂಡುತ್ತದೆ, ಕಾಫಿ ತೆಳ್ಳಗೂ ಆಗುತ್ತದೆ, ಕಹಿಯೂ ಉಳಿಯುತ್ತದೆ.

ಆದರೆ ಆಯಿ-ಅಪ್ಪಯ್ಯನ ಜಗಳ ಇದರಿಂದ ತೀರಲಿಲ್ಲ. ಮೊದಲ ದಿನದ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿದಾಗ ತೀರಿತು. ಅರ್ಧ ಇಡ್ಲಿರವೆಯಷ್ಟು ದಪ್ಪ, ಅರ್ಧ ಮೈದಾಹಿಟ್ಟು. ಮಿಕ್ಸಿಯ ಬ್ಲೇಡು ಕೈಗೆ ಸಿಕ್ಕಿದ್ದನ್ನು ಚಚ್ಚುತ್ತದೆ, ಸಮ ಮಾಡುವುದಿಲ್ಲ. ದಪ್ಪ ಕಾಳಿನ ಹೊಟ್ಟೆಗೆ ನೀರು ಇಳಿಯದೆ ಹುಳಿಯಷ್ಟೇ ಬಂತು, ಹಿಟ್ಟಿನಿಂದ ಇದ್ದಬದ್ದದ್ದೆಲ್ಲ ಬಂತು. ಒಂದೇ ಲೋಟದಲ್ಲಿ ಎರಡೂ ತಪ್ಪು, ಇಬ್ಬರೂ ಸರಿ. ಅಪ್ಪಯ್ಯನಲ್ಲಿ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಆಮೇಲೆ ಹಿಟ್ಟಿನ ಜರಡಿ ಹಿಡಿದೆ. ಬರೀ ದಪ್ಪದ್ದನ್ನು ಹಾಕಿದಾಗ ನೀರು ನಾಲ್ಕೇ ನಿಮಿಷಕ್ಕೆ ಜಾರಿಹೋಯಿತು, ಬಾಯಲ್ಲಿ ನೀರೂರಿತು. ಬರೀ ಹಿಟ್ಟು ಹಾಕಿದಾಗ ಒಂದು ಗಂಟೆಯಾದರೂ ಅರ್ಧ ನೀರು ಮೇಲೆಯೇ ನಿಂತಿತ್ತು, ಇಳಿದಷ್ಟು ಚೊಗರು. ಈಗ ಮಿಕ್ಸಿಯನ್ನು ಎರಡೆರಡು ಸೆಕೆಂಡು ತಿರುಗಿಸಿ ನಿಲ್ಲಿಸುವುದು, ಜಾರು ಅಲ್ಲಾಡಿಸುವುದು, ಮತ್ತೆ ತಿರುಗಿಸುವುದು. ಕೊನೆಗೆ ಜರಡಿ ಹಿಡಿದು ದಪ್ಪದ್ದನ್ನು ಮತ್ತೆ ಮಿಕ್ಸಿಗೆ ಹಾಕಿ, ತೀರಾ ನುಣ್ಣಗಿನದನ್ನು ಸ್ವಲ್ಪ ತೆಗೆದಿಟ್ಟು, ಚಿರೋಟಿ ರವೆಯ ಹದಕ್ಕೆ ತರುತ್ತೇನೆ. ಫಿಲ್ಟರಿನ ತೂತಿನ ತಟ್ಟೆಯನ್ನು ಒತ್ತಿ ತುರುಕುವುದಿಲ್ಲ, ಸುಮ್ನೆ ಕೂರಿಸುತ್ತೇನೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಇಳಿದರೆ ನಮ್ಮ ಫಿಲ್ಟರಿಗೆ ಸರಿ.

ನಾಲಿಗೆ ಎಲ್ಲ ಕಡೆಯೂ ನಡೆಯುವುದಿಲ್ಲ. ಕಪ್ಪಗೆ ಹುರಿದ ಬೀಜ ಹೇಗೆ ಮಾಡಿದರೂ ಕಹಿ, ಅದಕ್ಕೆ ಫಿಲ್ಟರನ್ನು ಬೈದು ಪ್ರಯೋಜನ ಇಲ್ಲ. ರೊಬಸ್ಟಾ, ಚಿಕೋರಿ ಬೆರೆತ ಪುಡಿಯೂ ಹಾಗೆಯೇ, ಕಹಿ ಅಲ್ಲಿ ಮನೆಮಗ. ರಾತ್ರಿಯ ಡಿಕಾಕ್ಷನ್ ಬೆಳಿಗ್ಗೆ ಬಿಸಿಮಾಡಿದರೆ ಬರುವ ಹುಳಿ ಹಳತಾದದ್ದರ ಹುಳಿ, ಅದಕ್ಕೆ ಪುಡಿ ನುಣ್ಣಗೆ ಮಾಡಿದರೆ ಏನೂ ಆಗದು.

ಮೊನ್ನೆ ಜೋರು ಮಳೆ. ಕಾಫಿ ಕೊಟ್ಟೆ, ಆಯಿ ಒಂದು ಗುಟುಕು ಕುಡಿದು ಕೆನ್ನೆ ಒಳಗೆಳೆದುಕೊಂಡರು. ಡಿಕಾಕ್ಷನ್ ಏಳು ನಿಮಿಷಕ್ಕೇ ಇಳಿದಿತ್ತು, ನನಗೆ ಗೊತ್ತು, ಆದರೂ ಸುಮ್ಮನಿದ್ದೆ.

"ಮಿಕ್ಸಿ ತಿರುಗ್ತಾ ಇಪ್ಪಕಾರೆ ಕರೆಂಟು ಹೋತಲ್ದೋ?" ಅಂದರು.

ಹೋಗಿತ್ತು.